3ನೇ ಅಧ್ಯಾಯದಲ್ಲಿ ‘ಶಿಸ್ತು’ ಅಂದರೆ ಕಂದಾಯ, 4ರಲ್ಲಿ ಶಿಸ್ತು ಅಂದರೆ ನಡತೆ! ಪ್ರಬಂಧದ ಕರಡು ಓದುವವರಲ್ಲಿ ಒಂದು ಪ್ರಶ್ನೆ

ಇಕ್ಕೇರಿದಾರಿ

ಕೆಳದಿ ಅರಸರ ಕಾಲದ ಭೂಕಂದಾಯದ ಬಗ್ಗೆ ಕನ್ನಡದಲ್ಲೇ ಬರೆಯುತ್ತಿರುವ ಪಿಎಚ್‌ಡಿ ಪ್ರಬಂಧ. ಮಾರ್ಗದರ್ಶನ ನನ್ನದು. ಒಟ್ಟು ಆರು ಅಧ್ಯಾಯ. ಒಂದೊಂದಾಗಿ ಬರುತ್ತದೆ, ಓದಿ ಗುರುತು ಹಾಕಿ ವಾಪಸ್ ಕೊಡುವ ಕ್ರಮ. ಈಗ 4ನೆಯದು ಕೈಯಲ್ಲಿದೆ, 56 ಪುಟ.

ಮೊದಲ ಮೂರು ಅಧ್ಯಾಯದ ಕನ್ನಡ ಸಾಗರ ಸೀಮೆಯ ಕನ್ನಡ. ಚಿಕ್ಕ ವಾಕ್ಯ, ಅಲ್ಲಲ್ಲಿ ಮಹಾಪ್ರಾಣ ತಪ್ಪು (‘ಆಧಾರ’ ಯಾವಾಗಲೂ ‘ಆದಾರ’), ಆದರೆ ವಿಷಯ ಗಟ್ಟಿ. ಶಿವಪ್ಪನಾಯಕನ ‘ಶಿಸ್ತು’ ಅಂದರೆ ಜಮೀನಿನ ಮೇಲೆ ಗೊತ್ತುಮಾಡಿದ ಕಂದಾಯ, ಅದರ ಮೇಲೆ ನಂತರದವರು ಸೇರಿಸಿದ ಪಟ್ಟಿ ಎಂಬ ಹೆಚ್ಚುವರಿ ತೆರಿಗೆ ಬೇರೆ ಎಂದು 3ನೇ ಅಧ್ಯಾಯದಲ್ಲಿ ಎರಡು ಪುಟ ಬಿಡಿಸಿ ಬರೆದಿದ್ದಾರೆ. 4ನೇ ಅಧ್ಯಾಯದ 9ನೇ ಪುಟಕ್ಕೆ ಬಂದರೆ ಹೀಗಿದೆ:

“ಶಿವಪ್ಪನಾಯಕನ ಆಳ್ವಿಕೆಯಲ್ಲಿ ಆಡಳಿತ ಯಂತ್ರದಲ್ಲಿ ಕಟ್ಟುನಿಟ್ಟಾದ ಶಿಸ್ತನ್ನು ಜಾರಿಗೊಳಿಸಲಾಗಿದ್ದು, ಇದರಿಂದಾಗಿ ಕಂದಾಯ ಸಂಗ್ರಹಣೆಯಲ್ಲಿ ಪಾರದರ್ಶಕತೆಯನ್ನು ಸಾಧಿಸಲಾಗಿರುತ್ತದೆ.”

ನಾನು ಎರಡು ಸಲ ಓದಿದೆ. ಸಾಮ್ಯತೆ ಪರೀಕ್ಷೆಯ ವರದಿ 4% ಅಂತ ಬಂದಿದೆ. ಅಂದರೆ ಕಾಗದದ ಮೇಲೆ ಎಲ್ಲ ಸರಿ. ಅನುಭವ ಇರುವವರು ಇಂಥ ಜಾಗದಲ್ಲಿ ಏನು ನೋಡುತ್ತೀರಿ? ಆರೋಪ ಮಾಡುವ ಅವಸರ ನನಗಿಲ್ಲ, ಆದರೆ ಸಹಿ ಹಾಕಬೇಕಾದವನು ನಾನು.

ಹೊಸನಗರ_ಮಳೆ

ಸರ್, 4% ಇದ್ದರೆ ಸಮಸ್ಯೆಯೇ ಇಲ್ಲವಲ್ಲ? ಯುಜಿಸಿ 2018ರ ನಿಯಮದಲ್ಲಿ 10% ತನಕ ದಂಡನೆ ಇಲ್ಲ. ನನ್ನದು ಎಂ.ಎ. ಕಿರುಪ್ರಬಂಧ, 13% ಬಂದಿದೆ, ಅದನ್ನು 10ಕ್ಕೆ ಇಳಿಸುವುದು ಹೇಗೆ ಅಂತ ಯಾರಾದರೂ ಹೇಳಿ. ಸಲ್ಲಿಸಲು ಹತ್ತೇ ದಿನ ಇದೆ.

ತುಂಗಾತೀರ

ಹೊಸನಗರದವರೇ, ನಿಮ್ಮದು ಬೇರೆ ದಾರ. ಬೇಕಾದರೆ ಪ್ರತ್ಯೇಕ ಪ್ರಶ್ನೆ ಹಾಕಿ. ಒಂದು ಮಾತು ಮಾತ್ರ: ಉದ್ಧರಣೆಗಳಿಗೆ ಉದ್ಧರಣ ಚಿಹ್ನೆ ಹಾಕಿ ಆಕರ ಕೊಟ್ಟಿದ್ದೀರಾ ಮತ್ತು ಗ್ರಂಥಸೂಚಿ ಲೆಕ್ಕದಿಂದ ಹೊರಗಿದೆಯಾ ನೋಡಿಕೊಳ್ಳಿ. ಪದ ಬದಲಿಸಿ ಶೇಕಡಾ ಇಳಿಸುವ ಕೆಲಸಕ್ಕೆ ಹೋಗಬೇಡಿ.

ಇಕ್ಕೇರಿದಾರಿ ಸರ್, ಆ 4% ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಮೊದಲು. ತಂತ್ರಾಂಶ ಅಕ್ಷರಗಳ ಸಾಲನ್ನು ತನ್ನ ಭಂಡಾರದಲ್ಲಿರುವ ಸಾಲಿನ ಜತೆ ಹೋಲಿಸುತ್ತದೆ. ಇಂಗ್ಲಿಷ್ ಪುಸ್ತಕದ ಎಂಟು ಪುಟ ಕನ್ನಡಕ್ಕೆ ತಂದು ಹಾಕಿದರೆ ಸಾಮಾನ್ಯವಾಗಿ ಅದಕ್ಕೆ ಸಿಗುವುದಿಲ್ಲ. ದುಡ್ಡು ಕೊಟ್ಟು ಹೊಸದಾಗಿ ಬರೆಸಿದ್ದಂತೂ ಸಿಗಲು ಸಾಧ್ಯವೇ ಇಲ್ಲ, ಅದು ಎಲ್ಲಿಯೂ ಪ್ರಕಟವಾಗಿಲ್ಲವಲ್ಲ. ಅವೆರಡೂ ಸಿಕ್ಕಿಬೀಳುವುದು ಅಧ್ಯಾಯದಿಂದ ಅಧ್ಯಾಯಕ್ಕೆ ಒಬ್ಬರೇ ಓದಿಕೊಂಡು ಬಂದಾಗ.

ಮೊದಲ ಕೆಲಸ, ಹೊಲಿಗೆ ಎಲ್ಲಿದೆ ಎಂದು ಹುಡುಕಿ. 4ನೇ ಅಧ್ಯಾಯ ಪೂರ್ತಿ ಹೀಗಿದೆಯೋ, ನಡುವೆ ಒಂದು ತುಂಡು ಮಾತ್ರವೋ? ಪೂರ್ತಿ ಬದಲಾಗಿದ್ದರೆ ಹತ್ತು ಕಾರಣ ಇರಬಹುದು. ಮಧ್ಯೆ ಇಷ್ಟನೇ ಪುಟದಿಂದ ಇಷ್ಟನೇ ಪುಟದವರೆಗೆ ಒಂದು ತುಂಡು ಬೇರೆಯಾಗಿ, ಆಮೇಲೆ ಹಳೆಯ ದನಿಯೇ ವಾಪಸ್ ಬಂದರೆ ಕಾರಣಗಳು ಕಡಿಮೆಯಾಗುತ್ತವೆ. ಮನುಷ್ಯನ ಬರವಣಿಗೆ ಬೆಳೆಯುತ್ತದೆ ನಿಜ. ಆದರೆ ಬೆಳೆದದ್ದು ಕೆಲವು ಪುಟ ಆದಮೇಲೆ ಮತ್ತೆ ಕುಗ್ಗುವುದಿಲ್ಲ.

ಹೊಲಿಗೆ ಹುಡುಕಲು ಕಣ್ಣೇ ಸಾಕು. ‘ಆದಾರ’ ಎಂಬ ತಪ್ಪು ಯಾವ ಪುಟದಲ್ಲಿ ನಿಲ್ಲುತ್ತದೆ, ಯಾವ ಪುಟದಲ್ಲಿ ಮತ್ತೆ ಶುರುವಾಗುತ್ತದೆ ನೋಡಿ. ತಪ್ಪುಗಳು ಸರಿಯಾದವುಗಳಿಗಿಂತ ಹೆಚ್ಚು ನಂಬಿಕಸ್ಥ ಸಾಕ್ಷಿ.

ಗಣಿತದಮೇಷ್ಟ್ರು

ಕಣ್ಣಂದಾಜು ಯಾಕೆ? ಲೆಕ್ಕ ಹಾಕಿ. ಪ್ರತಿ ಅಧ್ಯಾಯದಿಂದ 500 ಪದದ ತುಂಡು ತೆಗೆದುಕೊಳ್ಳಿ, ಆರಂಭದ ಪೀಠಿಕೆ ಬೇಡ, ನಡುವಿನ ವಿಶ್ಲೇಷಣೆಯ ಭಾಗ ಇರಲಿ. ವಾಕ್ಯ ಎಷ್ಟು, ‘ಲಾಗಿದೆ’ ಎಷ್ಟು, ‘ಮತ್ತು’ ಎಷ್ಟು ಎಣಿಸಿ. ಯೂನಿಕೋಡ್ ಪಠ್ಯವಾದರೆ ಆ ತುಂಡನ್ನು ಬೇರೆ ಕಡತವಾಗಿ ಉಳಿಸಿ, ವಾಕ್ಯ ಬಿಟ್ಟು ಉಳಿದದ್ದನ್ನು ಯಂತ್ರವೇ ಎಣಿಸುತ್ತದೆ:

```
wc -w adhyaya4.txt
grep -o 'ಲಾಗಿದೆ' adhyaya4.txt | wc -l
grep -o 'ಮತ್ತು' adhyaya4.txt | wc -l
```

ವ್ಯತ್ಯಾಸ ದೊಡ್ಡದಿದ್ದರೆ ಲೇಖಕರು ಇಬ್ಬರು ಎಂದು ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಇದೇ ವಿಧಾನದಿಂದ ಹಳೆಯ ಅನಾಮಧೇಯ ಬರಹಗಳ ಕರ್ತೃಗಳನ್ನು ಗುರುತಿಸಿದ್ದಾರೆ.

ಇಕ್ಕೇರಿದಾರಿ

ಎರಡನ್ನೂ ಮಾಡಿದೆ. 2ನೇ ಅಧ್ಯಾಯದ 500 ಪದದಲ್ಲಿ 41 ವಾಕ್ಯ, ‘ಲಾಗಿದೆ’ 4 ಸಲ. 4ನೆಯದರ 15ನೇ ಪುಟದಿಂದ ತೆಗೆದ 500 ಪದದಲ್ಲಿ 24 ವಾಕ್ಯ, ‘ಲಾಗಿದೆ’ 19 ಸಲ. ಆದರೆ 4ನೇ ಅಧ್ಯಾಯದ 40ನೇ ಪುಟದಿಂದ ತೆಗೆದರೆ ಮತ್ತೆ 39 ವಾಕ್ಯ, ‘ಲಾಗಿದೆ’ 5.

ತುಂಗಾತೀರ ಸರ್ ಹೇಳಿದ ‘ಆದಾರ’ ಪರೀಕ್ಷೆ: 8ನೇ ಪುಟದ ಕೊನೆಯವರೆಗೆ ಇದೆ. 9ರಿಂದ 31ರವರೆಗೆ ಒಂದೂ ಇಲ್ಲ, ಎಲ್ಲ ಸರಿಯಾದ ‘ಆಧಾರ’. 32ರಲ್ಲಿ ಮತ್ತೆ ‘ಆದಾರ’. ಅಂದರೆ ಹೊಲಿಗೆ 4.2 ಮತ್ತು 4.3 ಎಂಬ ಎರಡು ಉಪವಿಭಾಗಗಳ ಸುತ್ತ ಇದೆ.

ತುಂಗಾತೀರ

23 ಪುಟ. ಸರಿ.

ಮೇಷ್ಟ್ರೇ, ಎಣಿಸುವುದು ಒಳ್ಳೆಯದು, ಆದರೆ ‘ಸಿದ್ಧವಾಯಿತು’ ಅನ್ನಬೇಡಿ. ಇಂಗ್ಲಿಷಿನ ಆ ವಿಧಾನಗಳು ಚಿಕ್ಕ ಚಿಕ್ಕ ಬಿಡಿ ಪದಗಳನ್ನು ಎಣಿಸುತ್ತವೆ. ಕನ್ನಡದಲ್ಲಿ ಆ ಕೆಲಸವನ್ನು ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಂಡು ಮಾಡುತ್ತವೆ. ‘ಗದ್ದೆಯೂ ತೋಟವೂ’ ಎಂದು ಬರೆಯುವವನಿಗೂ ‘ಗದ್ದೆ ಮತ್ತು ತೋಟ’ ಎಂದು ಬರೆಯುವವನಿಗೂ ಇರುವ ವ್ಯತ್ಯಾಸ ಪದ ಎಣಿಸಿದರೆ ಅರ್ಧ ಮಾತ್ರ ಕಾಣುತ್ತದೆ. 500 ಪದ ಬಹಳ ಕಡಿಮೆ, ಆ ವಿಧಾನಗಳಿಗೆ ಕೆಲವು ಸಾವಿರ ಪದ ಬೇಕು. ಮೇಲಾಗಿ ಶಾಸನದ ಪಾಠ ವಿವರಿಸುವ ವಿಭಾಗಕ್ಕೂ ಆಡಳಿತ ವಿವರಿಸುವ ವಿಭಾಗಕ್ಕೂ ವಾಕ್ಯದ ಉದ್ದ ತಾನಾಗಿಯೇ ಬೇರೆಯಾಗುತ್ತದೆ. ಎಣಿಕೆ ಎಲ್ಲಿ ನಿಲ್ಲಬೇಕು ಎಂದು ಬೆರಳು ತೋರಿಸುತ್ತದೆ, ಯಾರು ಬರೆದರು ಎಂದು ಹೇಳುವುದಿಲ್ಲ.

ಇನ್ನು ಸಾರದ ಮಾತು. ಭಾಷೆ ಬದಲಾದದ್ದಕ್ಕೆ ನೂರು ಸಬೂಬು ಸಿಗುತ್ತದೆ: ತಿದ್ದಿಸಿದೆ, ಅಕ್ಕ ನೋಡಿಕೊಟ್ಟಳು, ಟೈಪ್ ಮಾಡುವವರು ಸರಿ ಮಾಡಿದರು. ತಿಳಿವಳಿಕೆ ಬದಲಾದದ್ದಕ್ಕೆ ಸಬೂಬು ಸಿಗುವುದು ಕಷ್ಟ. ಕಂದಾಯ ಎಂಬ ಅರ್ಥದ ‘ಶಿಸ್ತು’ ಗೊತ್ತಿದ್ದವರು ಅದನ್ನು ಒಂದೇ ಅಧ್ಯಾಯದ ಅಂತರದಲ್ಲಿ ಮರೆಯುವುದಿಲ್ಲ. ತಿದ್ದುವವರು ‘ಆದಾರ’ವನ್ನು ‘ಆಧಾರ’ ಮಾಡಬಹುದು, ಕಂದಾಯವನ್ನು ನಡತೆ ಮಾಡಲಾರರು.

ಆ 23 ಪುಟದಲ್ಲಿ ಮೂರು ಜಾಗ ನೋಡಿ ಹೇಳಿ: ಬೆಳೆ ಮತ್ತು ಜಮೀನಿನ ಹೆಸರುಗಳು, ಕಾಲಗಣನೆ, ಹಣದ ಲೆಕ್ಕ.

ಅರ್ಕಾವತ್ತು

ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವವಳು. ಪ್ರಬಂಧದ ಸೀಸನ್‌ನಲ್ಲಿ ಇದೇ ನಮ್ಮ ಊಟ. ಕಡತದ ಒಳಗಡೆ ನೋಡುವುದು ಹೇಗೆ ಅಂತ ಹೇಳುತ್ತೇನೆ, ಜತೆಗೆ ಅದನ್ನು ಎಷ್ಟು ನಂಬಬಹುದು ಅಂತಲೂ.

ಮೊದಲ ಮೂರು ಅಧ್ಯಾಯ ನುಡಿ ಫಾಂಟಿನಲ್ಲಿ ಇದ್ದು, 4.2, 4.3 ಮಾತ್ರ ಯೂನಿಕೋಡ್‌ನಲ್ಲಿ ಇದೆಯಾ ನೋಡಿ. ಅಕ್ಷರ ಆಯ್ಕೆಮಾಡಿ ಫಾಂಟ್ ಹೆಸರು ನೋಡಿದರೆ ಗೊತ್ತಾಗುತ್ತದೆ. ಹಳೆಯ ನುಡಿ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ಜಾರುವುದು ಮಾಮೂಲಿ: ‘ಕಾರ್ಯ’ ಹೋಗಿ ‘ಕಾಯರ್’ ಆಗುತ್ತದೆ. ಅಂಥದ್ದು ಕಂಡರೆ ಆ ಭಾಗ ಯಾವುದೋ ಹಳೆಯ ಕಡತದಿಂದ ಬಂದಿದೆ ಎಂದರ್ಥ.

ಇನ್ನೊಂದು ವಿಷಯ ಮೇಷ್ಟ್ರುಗಳಿಗೆ ಗೊತ್ತೇ ಇರುವುದಿಲ್ಲ. ಕರಡನ್ನು ನುಡಿ ಫಾಂಟಿನ ಪಿಡಿಎಫ್ ಮಾಡಿ ಸಾಮ್ಯತೆ ಪರೀಕ್ಷೆಗೆ ಕೊಟ್ಟರೆ, ತಂತ್ರಾಂಶಕ್ಕೆ ‘ಕನ್ನಡ’ ಎಂಬ ಪದ ಕಾಣುವುದು ಹೀಗೆ:

```
PÀ£ÀßqÀ
```

ಇದು ಯಾವುದಕ್ಕೆ ಹೊಂದಬೇಕು ಹೇಳಿ? 4% ಅಲ್ಲ, 0% ಬಂದರೂ ಆಶ್ಚರ್ಯವಿಲ್ಲ. ಪರೀಕ್ಷೆಗೆ ಕೊಟ್ಟದ್ದು ಯೂನಿಕೋಡ್ ಪ್ರತಿಯೋ ಅಲ್ಲವೋ ಕೇಳಿ.

ಡಾಕ್ಸ್ ಕಡತವೇ ಕೈಯಲ್ಲಿದ್ದರೆ ಇದನ್ನೂ ನೋಡಬಹುದು:

```
unzip -p adhyaya4.docx docProps/core.xml
unzip -p adhyaya4.docx docProps/app.xml
```

ಮೊದಲನೆಯದರಲ್ಲಿ creator, lastModifiedBy. ಎರಡನೆಯದರಲ್ಲಿ TotalTime, ಅದು ನಿಮಿಷದಲ್ಲಿ. 56 ಪುಟದ ಕಡತಕ್ಕೆ TotalTime 12 ಇದ್ದರೆ ಅದು ಅಲ್ಲಿ ಟೈಪ್ ಆದದ್ದಲ್ಲ, ಬೇರೆಡೆಯಿಂದ ತಂದು ಅಂಟಿಸಿದ್ದು.

ಆದರೆ ಸ್ವಲ್ಪ ನಿಲ್ಲಿ. ನಮ್ಮ ಅಂಗಡಿಯಲ್ಲೇ ದಿನವೂ ಕೈಬರಹದ ಅಧ್ಯಾಯ ಟೈಪ್ ಆಗುತ್ತದೆ, ಆಗ creator ನಮ್ಮ ಕಂಪ್ಯೂಟರ್ ಹೆಸರೇ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದದ್ದನ್ನು ಹೊಸ ಕಡತಕ್ಕೆ ಹಾಕಿ ಪುಟ ಜೋಡಿಸಿದರೆ TotalTime ಹೊಸದಾಗಿ ಶುರು. ಆದ್ದರಿಂದ ಇದನ್ನು ಹಿಡಿದು ಯಾರ ಕುತ್ತಿಗೆಗೂ ಹೋಗಬೇಡಿ ಮಾರಾಯ್ರೆ.

ಗಣಿತದಮೇಷ್ಟ್ರು

‘ಕಾಯರ್’ ಸಿಕ್ಕಿದರೆ ಕಳ್ಳತನ ಖಚಿತ ಅಲ್ಲವೇ ಮೇಡಂ?

ಅರ್ಕಾವತ್ತು

ಎಂತ ಖಚಿತ? ವಿದ್ಯಾರ್ಥಿಯೇ ಎರಡು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿಟ್ಟ ಸ್ವಂತ ಟಿಪ್ಪಣಿಯನ್ನು ಪರಿವರ್ತಿಸಿದರೂ ಅದೇ ತಪ್ಪು ಬರುತ್ತದೆ. ಪಠ್ಯ ಪರಿವರ್ತಕದ ಮೂಲಕ ಹಾದುಬಂತು ಎಂಬುದಷ್ಟೇ ಖಚಿತ. ಯಾರದು ಎಂಬುದಲ್ಲ.

ಇಕ್ಕೇರಿದಾರಿ

ಮೂರು ಜಾಗದ ಫಲಿತಾಂಶ. ಉದ್ದ ಆಗುತ್ತದೆ, ಕ್ಷಮಿಸಿ.

ಹೆಸರುಗಳು. 4.2ರಲ್ಲಿ ‘ಬೆಡ್ನೋರ್’ ಇದೆ, ಹಿಂದೆಲ್ಲ ‘ಬಿದನೂರು’. ‘ಇಕ್ಕೇರಿ ಪಗೋಡ’ ಇದೆ, ಹಿಂದೆ ‘ವರಹ’. ‘ಒಣ ಭೂಮಿ’, ‘ಒದ್ದೆ ಭೂಮಿ’ ಇವೆ, ಹಿಂದೆ ‘ಬೆದ್ದಲು’, ‘ಗದ್ದೆ’. ಎಲ್ಲಕ್ಕಿಂತ ಮೇಲೆ 14ನೇ ಪುಟದಲ್ಲಿ “ವೀಳ್ಯದಕಾಯಿಯ ಉದ್ಯಾನಗಳ ಮೇಲಿನ ತೆರಿಗೆ” ಎಂದಿದೆ. ಅಡಿಕೆ ತೋಟ ಸ್ವಾಮಿ! ಹಿಂದಿನ ಅಧ್ಯಾಯಗಳಲ್ಲಿ ‘ಅಡಕೆ’ ಎಂದೇ ಬರೆದಿದ್ದಾರೆ, ನಮ್ಮ ಕಡೆ ಹೇಳುವ ಹಾಗೆ.

ಕಾಲಗಣನೆ. ಮೂರನೇ ಅಧ್ಯಾಯದಲ್ಲಿ ಶಕವರ್ಷ, ಸಂವತ್ಸರ, ಮಾಸ ಮೂರೂ ಕೊಟ್ಟು ಕ್ರಿಸ್ತಶಕಕ್ಕೆ ತಂದಿದ್ದಾರೆ. 2ನೇ ಅಧ್ಯಾಯದ ಕರಡಿನಲ್ಲಿ ನಾನೇ ಹಾಕಿದ ಗುರುತು ಅದು, ಮುಂದಿನದರಲ್ಲಿ ಪಾಲಿಸಿದ್ದರು. 4.3ರಲ್ಲಿ ಬರೀ ಇಸವಿ. ಒಂದು ಕಡೆ ಮಾತ್ರ ಶಕ 1684 ಮಾಘ ಎಂದಿದೆ, ಅದನ್ನು 1762 ಎಂದು ಬರೆದಿದ್ದಾರೆ.

ಹಣ. 4.3ರ ಕೋಷ್ಟಕದಲ್ಲಿ 12 ವರಹ 8 ಹಣ ಎಂಬುದನ್ನು 12.5 ವರಹ ಎಂದು ಮಾಡಿ ಒಟ್ಟು ಕೂಡಿಸಿದ್ದಾರೆ.

ತುಂಗಾತೀರ

ಈಗ ದಾರಿಗೆ ಬಂತು. ಒಂದೊಂದಾಗಿ ನೋಡೋಣ, ಏಕೆಂದರೆ ಮೂರೂ ಒಂದೇ ಜಾತಿಯ ಸುಳಿವಲ್ಲ.

‘ವೀಳ್ಯದಕಾಯಿ’ ಬಂದದ್ದು ಇಂಗ್ಲಿಷಿನ ‘ಬೀಟಲ್ ನಟ್’ನಿಂದ. ‘ಉದ್ಯಾನ’ ಬಂದದ್ದು ‘ಗಾರ್ಡನ್’ನಿಂದ. ಹೊಸನಗರ, ತೀರ್ಥಹಳ್ಳಿ, ಸಾಗರದಲ್ಲಿ ಹುಟ್ಟಿದ ಯಾರ ಬಾಯಲ್ಲೂ ಈ ಮಾತು ಬರುವುದಿಲ್ಲ, ನಿದ್ದೆಯಲ್ಲೂ. ಒಣ ಭೂಮಿ, ಒದ್ದೆ ಭೂಮಿಯೂ ಅದೇ ಮೂಲದ್ದು. ಅಂದರೆ 4.2ರ ಹಿಂದೆ ಒಂದು ಇಂಗ್ಲಿಷ್ ಪುಸ್ತಕ ಇದೆ. ಈ ವಿಷಯಕ್ಕೆ ಯಾರೂ ಹೋಗುವ ಪುಸ್ತಕಗಳು ಎರಡು: 1800-01ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಬುಕನನ್‌ನ ಪ್ರವಾಸ ಕಥನ (1807ರಲ್ಲಿ ಅಚ್ಚಾದದ್ದು) ಮತ್ತು ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್. ನಿಮ್ಮ 9ರಿಂದ 20ನೇ ಪುಟವನ್ನು ಅವೆರಡರ ನಗರ, ಇಕ್ಕೇರಿ ಭಾಗಗಳ ಪಕ್ಕ ಇಟ್ಟು ಓದಿ. ನೋಡಬೇಕಾದ್ದು ವಿಷಯದ ಹೋಲಿಕೆಯಲ್ಲ, ಅನುಕ್ರಮ. ಎರಡು ಪುಟದ ಸಂಗತಿಗಳು ಅದೇ ಸಾಲಿನಲ್ಲಿ, ಅದೇ ಉದಾಹರಣೆಯೊಂದಿಗೆ, ಅದೇ ಅಪ್ರಸ್ತುತ ಪ್ರಸಂಗದೊಂದಿಗೆ ಬಂದಿದ್ದರೆ ಅದು ಅನುವಾದ.

ಅನುವಾದವೇ ಅಪರಾಧ ಅಲ್ಲ. ಆಕರ ಹೇಳಿ ‘ಅನುವಾದ ನನ್ನದು’ ಎಂದು ಅಡಿಟಿಪ್ಪಣಿ ಹಾಕಿದ್ದರೆ ಕೆಟ್ಟ ಅನುವಾದ ಅಷ್ಟೇ, ತಿದ್ದಿಸಿ. ಆಕರ ಹೇಳದೆ ತನ್ನ ಮಾತಾಗಿ ಕೊಟ್ಟಿದ್ದರೆ ಅದು ಕೃತಿಚೌರ್ಯ, ಭಾಷೆ ಬದಲಾದ ಮಾತ್ರಕ್ಕೆ ಬೇರೆಯಾಗುವುದಿಲ್ಲ.

ಶಕವರ್ಷ. ವಾಡಿಕೆಯ ಲೆಕ್ಕದಲ್ಲಿ ಶಕಕ್ಕೆ 78 ಸೇರಿಸುತ್ತೇವೆ: ಶಕ 1567 ಪಾರ್ಥಿವ ಅಂದರೆ 1645, ಶಿವಪ್ಪನಾಯಕ ಪಟ್ಟಕ್ಕೆ ಬಂದ ವರ್ಷ. ಆದರೆ ಶಕವರ್ಷ ಯುಗಾದಿಯಿಂದ ಯುಗಾದಿಗೆ. ಮಾಘ ಬರುವುದು ಮುಂದಿನ ಇಸವಿಯ ಜನವರಿ, ಫೆಬ್ರವರಿಯಲ್ಲಿ. ಆದ್ದರಿಂದ ಅಲ್ಲಿ 79 ಸೇರಿಸಬೇಕು. ಶಕ 1684 ಚಿತ್ರಭಾನು ಮಾಘ ಅಂದರೆ 1763, ಬಿದನೂರು ಹೈದರನ ಕೈಗೆ ಹೋದ ವರ್ಷ. ಕೆಳದಿ ಚರಿತ್ರೆಯ ಮೇಲೆ ಪ್ರಬಂಧ ಬರೆಯುವವರು ಆ ವರ್ಷವನ್ನು 1762 ಎಂದು ಬರೆದು ಅನುಮಾನವೇ ಪಡದೆ ಮುಂದೆ ಹೋದರೆ, ಅವರ ಕಣ್ಣು ಆ ಸಾಲಿನ ಮೇಲೆ ಬಿದ್ದಿಲ್ಲ. ಹಾಗಿದ್ದೂ ಇದು ಕೈತಪ್ಪೂ ಆಗಬಹುದು. ಪೌಷ, ಮಾಘ, ಫಾಲ್ಗುಣಗಳಲ್ಲಿ ಎಂಥವರೂ ಒಮ್ಮೆ ಎಡವುತ್ತಾರೆ. ಹಿಂದಿನ ಅಧ್ಯಾಯದಲ್ಲಿ ಅಂಥದೇ ಮಾಸದ ತೇದಿಯನ್ನು ಸರಿಯಾಗಿ ತಂದಿದ್ದಾರಾ ನೋಡಿ. ತಂದಿದ್ದರೆ ಇದಕ್ಕೆ ತೂಕ ಬರುತ್ತದೆ.

ಗಟ್ಟಿಯಾದ್ದು ಹಣದ ಲೆಕ್ಕ. 12 ವರಹ 8 ಹಣ 12.5 ಆಗಬೇಕಾದರೆ ವರಹಕ್ಕೆ 16 ಹಣ ಎಂದು ಹಿಡಿದಿರಬೇಕು. ಹದಿನಾರು ಎಲ್ಲಿಂದ ಬಂತು? ರೂಪಾಯಿಗೆ ಹದಿನಾರಾಣೆ. ಹಣವನ್ನು ಆಣೆ ಎಂದುಕೊಂಡವರ ಲೆಕ್ಕ ಅದು. 3ನೇ ಅಧ್ಯಾಯದಲ್ಲಿ ಯಾವ ಲೆಕ್ಕ ಹಾಕಿದ್ದಾರೆ?

ಇಕ್ಕೇರಿದಾರಿ

3ರಲ್ಲಿ ವರಹಕ್ಕೆ 10 ಹಣ. ಸ್ಪಷ್ಟವಾಗಿ ಬರೆದು, ಎರಡು ಕೋಷ್ಟಕದಲ್ಲಿ ಸರಿಯಾಗಿ ಕೂಡಿಸಿದ್ದಾರೆ. ಫಾಲ್ಗುಣದ ತೇದಿ ಒಂದಿದೆ, ಅದನ್ನೂ ಸರಿಯಾಗಿ 79 ಸೇರಿಸಿ ತಂದಿದ್ದಾರೆ.

ಸಂಶೋಧನಾರ್ಥಿ_ತೀರ್ಥಹಳ್ಳಿ

ಇಲ್ಲಿ ಎಲ್ಲರೂ ಮೇಷ್ಟ್ರುಗಳೇ ಮಾತಾಡುತ್ತಿದ್ದೀರಿ, ಈ ಕಡೆಯಿಂದ ಒಂದು ಮಾತು. ಅಧ್ಯಾಯ 1 ಮತ್ತು ಅಧ್ಯಾಯ 4ರ ನಡುವೆ ಎರಡು ಮೂರು ವರ್ಷ ಇರುತ್ತದೆ. ಆ ನಡುವೆ ಇಂಗ್ಲಿಷ್ ಪುಸ್ತಕಗಳಲ್ಲೇ ಮುಳುಗಿದವರ ಕನ್ನಡಕ್ಕೆ ‘ಲಾಗಿದೆ’ ಹತ್ತಿಕೊಳ್ಳುವುದು ಸಹಜ. ಜರ್ನಲ್‌ಗೆ ಲೇಖನ ಕಳಿಸಿದಾಗ ಅವರು ‘ಶಾಸ್ತ್ರೀಯ ಶೈಲಿ’ ಬೇಕು ಅನ್ನುತ್ತಾರೆ, ಆ ಲೇಖನವನ್ನೇ ಆಮೇಲೆ 4.2 ಆಗಿ ಸೇರಿಸುತ್ತೇವೆ. ಆಗ ನಡುವಿನ ತುಂಡು ಮಾತ್ರ ಬೇರೆ ಕಾಣುತ್ತದೆ, ‘ಆಧಾರ’ವೂ ಸರಿಯಾಗಿರುತ್ತದೆ ಯಾಕೆಂದರೆ ಜರ್ನಲಿನವರು ಕರಡು ತಿದ್ದಿರುತ್ತಾರೆ. ಬೆಳೆದದ್ದು ಕುಗ್ಗುವುದಿಲ್ಲ ಅಂದಿರಲ್ಲ ತುಂಗಾತೀರ ಸರ್, ಇಲ್ಲಿ ಕುಗ್ಗಿದ ಹಾಗೆ ಕಾಣುತ್ತದೆ.

ತುಂಗಾತೀರ

ಒಪ್ಪಿದೆ, ಆ ಸಾಧ್ಯತೆಯನ್ನು ನಾನು ಬಿಟ್ಟಿದ್ದೆ. ಪ್ರಕಟಿತ ಲೇಖನ ಸೇರಿಸಿದ್ದಾರಾ ಎಂದು ಮೊದಲು ಕೇಳಬೇಕು. ಆದರೂ ಹದಿನಾರು ಹಣಕ್ಕೆ ಜರ್ನಲ್ ಉತ್ತರವಾಗುವುದಿಲ್ಲ.

ಇಕ್ಕೇರಿದಾರಿ ಸರ್, ಕರೆದು ಕೂರಿಸಿದಾಗ “ಇದನ್ನು ಯಾರು ಬರೆದರು” ಎಂದು ಶುರು ಮಾಡಬೇಡಿ. ಆ ಪ್ರಶ್ನೆಗೆ ‘ನಾನೇ’ ಎಂಬ ಒಂದೇ ಉತ್ತರ, ಅಲ್ಲಿಗೆ ಮಾತು ಮುಗಿಯಿತು. ಒಂದು ದಿನ ಮೊದಲೇ, 4.2 ಮತ್ತು 4.3ಕ್ಕೆ ಮಾಡಿಕೊಂಡ ಟಿಪ್ಪಣಿ ಪುಸ್ತಕ, ಹಳೆಯ ಲೆಕ್ಕದ ಕಡತದ ಫೋಟೋಗಳು, ಕೋಷ್ಟಕದ ಕಚ್ಚಾ ಲೆಕ್ಕ ತರಲು ಹೇಳಿ. ಎಲ್ಲ ಅಧ್ಯಾಯಕ್ಕೂ ಕೇಳಿ, ಈ ಎರಡಕ್ಕೆ ಮಾತ್ರ ಕೇಳಿದರೆ ಆರೋಪದಂತೆ ಕೇಳಿಸುತ್ತದೆ.

ಕೂತ ಮೇಲೆ 3ನೇ ಅಧ್ಯಾಯದಿಂದ ಶುರು ಮಾಡಿ. ಅಲ್ಲಿನ ಒಂದು ಕೋಷ್ಟಕ ತೋರಿಸಿ, ಈ ಅಂಕಿ ಎಲ್ಲಿಂದ ತೆಗೆದಿರಿ ಎಂದು ಕೇಳಿ. ಅವರದೇ ಕೆಲಸ ಆಗಿದ್ದರೆ ಹೇಳುತ್ತಾರೆ, ಕೈ ಎಲ್ಲಿಗೆ ಹೋಗುತ್ತದೆ ಎಂದೂ ನಿಮಗೆ ಕಾಣುತ್ತದೆ: ಯಾವ ಪುಸ್ತಕ ತೆಗೆಯುತ್ತಾರೆ, ಎಷ್ಟು ಬೇಗ. ಅದು ನಿಮ್ಮ ಅಳತೆಗೋಲು. ಆಮೇಲೆ ಅದೇ ಪ್ರಶ್ನೆಯನ್ನು 4.3ರ ಕೋಷ್ಟಕಕ್ಕೆ ಕೇಳಿ. ಕೊನೆಗೆ ಕರಡಿನಲ್ಲಿ ಇಲ್ಲದ ಒಂದು ಅಂಕಿ ಕೊಡಿ: 7 ವರಹ 4 ಹಣವನ್ನು ದಶಾಂಶದಲ್ಲಿ ಬರೆಯಿರಿ. 7.4 ಎಂದರೆ ಅವರಿಗೆ ವಿಷಯ ಗೊತ್ತಿದೆ, ಹಾಗಾದರೆ 12.5 ಬರೆದ ಕೈ ಬೇರೆ ಇರಬಹುದು. 7.25 ಎಂದರೆ ಇನ್ನೂ ವಿಚಿತ್ರ: ಆಗ 3ನೇ ಅಧ್ಯಾಯದ ಬಗ್ಗೆಯೇ ಕೇಳಬೇಕಾಗುತ್ತದೆ. ಜನ ಇದನ್ನು ಮರೆಯುತ್ತಾರೆ. ಹೊಲಿಗೆ ಸಿಕ್ಕಿದ ತಕ್ಷಣ ಚೆನ್ನಾಗಿಲ್ಲದ ತುಂಡೇ ಹೊರಗಿನದು ಎಂದುಕೊಳ್ಳುತ್ತೇವೆ.

ಗಣಿತದಮೇಷ್ಟ್ರು

ಕೊನೆಯ ಮಾತು ಒಳ್ಳೆಯದು. ಎಣಿಕೆಯೂ ಅದನ್ನು ಹೇಳಲಾರದು, ಎರಡು ಗುಂಪು ಬೇರೆ ಎಂದು ಹೇಳುತ್ತದೆ, ಯಾವುದು ವಿದ್ಯಾರ್ಥಿಯದು ಎಂದು ಹೇಳುವುದಿಲ್ಲ. ಎದುರಲ್ಲಿ ಕೂರಿಸಿ ಒಂದು ಪುಟ ಕೈಯಲ್ಲಿ ಬರೆಸಿದರೆ ಹೋಲಿಸಲು ಗೊತ್ತಿರುವ ಮಾದರಿ ಸಿಗುತ್ತದೆ.

ಅರ್ಕಾವತ್ತು

ಬರೆಸಬೇಕಾಗಿಯೂ ಇಲ್ಲ. ಸಾರಾಂಶ, ರಜೆ ಅರ್ಜಿ, ನಿಮಗೆ ಕಳಿಸಿದ ಇಮೇಲ್‌ಗಳು ಇರುತ್ತವಲ್ಲ. ‘ಆದಾರ’ ಅಲ್ಲಿಯೂ ಇರುತ್ತದೆ ನೋಡಿ. ಒಂದು ಕಿವಿಮಾತು: ಅಧ್ಯಾಯ ಮೊದಲು ಬಂದ ರೂಪದಲ್ಲೇ ಒಂದು ಪ್ರತಿ ತೇದಿ ಹಾಕಿ ಎತ್ತಿಡಿ. ನಮ್ಮಲ್ಲಿಗೆ ಕೊನೆಯ ಜೋಡಣೆಗೆ ಬಂದಾಗ ಎಲ್ಲ ಅಧ್ಯಾಯಕ್ಕೂ ಒಂದೇ ಫಾಂಟು, ಒಂದೇ ಕಾಗುಣಿತ ಮಾಡಿಬಿಡುತ್ತೇವೆ. ಆಮೇಲೆ ಹೊಲಿಗೆ ಯಾರಿಗೂ ಕಾಣುವುದಿಲ್ಲ, ಹೊರಗಿನ ಪರೀಕ್ಷಕರಿಗಂತೂ ಇಲ್ಲವೇ ಇಲ್ಲ.

ಇಕ್ಕೇರಿದಾರಿ

ನಿನ್ನೆ ಕೂತೆವು. ಮುಕ್ಕಾಲು ಗಂಟೆ.

ಪ್ರಕಟಿತ ಲೇಖನ ಸೇರಿಸಿಲ್ಲ. 3ನೇ ಅಧ್ಯಾಯದ ಕೋಷ್ಟಕ ಕೇಳಿದ್ದೇ ತಡ, ಟಿಪ್ಪಣಿ ಪುಸ್ತಕದ ಪುಟ ತೆಗೆದು ತೋರಿಸಿದರು. ಕಡತದ ಫೋಟೋ, ಅದರ ಪಕ್ಕ ಪೆನ್ಸಿಲ್‌ನಲ್ಲಿ ತಮ್ಮ ಓದು, ಅನುಮಾನ ಇದ್ದಲ್ಲಿ ಪ್ರಶ್ನಾರ್ಥಕ. 7 ವರಹ 4 ಹಣಕ್ಕೆ ಯೋಚಿಸದೆ 7.4 ಅಂದರು.

4.2 ಬಿಡಿಸಿಕೊಂಡಿತು. ರೈಸ್ ಗೆಜೆಟಿಯರಿನ ನಗರ ಭಾಗ. ಅನುಕ್ರಮ ಅದೇ. ತಾವೇ ಅನುವಾದಿಸಿದ್ದೆಂದು ಹೇಳಿದರು, ಕೈಬರಹದ ಅನುವಾದ ಟಿಪ್ಪಣಿ ಪುಸ್ತಕದಲ್ಲಿತ್ತು. ಅದರಲ್ಲಿ ‘ಅಡಕೆ ತೋಟ’ ಎಂದೇ ಇದೆ! ಟೈಪ್ ಆದ ಪ್ರತಿಯಲ್ಲಿ ಮಾತ್ರ ‘ವೀಳ್ಯದಕಾಯಿಯ ಉದ್ಯಾನ’. ಭಾಷೆ ತಿದ್ದಿಸಲು ಒಬ್ಬರಿಗೆ ಕೊಟ್ಟಿದ್ದರಂತೆ, ಅವರು ಮೂಲ ಇಂಗ್ಲಿಷ್ ಇಟ್ಟುಕೊಂಡು ಹೊಸದಾಗಿ ‘ಸರಿಪಡಿಸಿ’ದ್ದಾರೆ. ಅಡಿಟಿಪ್ಪಣಿ ಅಧ್ಯಾಯದ ಮೊದಲಲ್ಲಿ ಒಂದೇ ಕಡೆ ಇದೆ, ಅದು ಸಾಲದು ಎಂದು ಹೇಳಿದ್ದೇನೆ.

4.3 ಬಿಡಿಸಿಕೊಳ್ಳಲಿಲ್ಲ. ಟಿಪ್ಪಣಿ ಇಲ್ಲ, ಕಚ್ಚಾ ಲೆಕ್ಕ ಇಲ್ಲ. ಕೋಷ್ಟಕದ 12.5 ತೋರಿಸಿದಾಗ ಬಹಳ ಹೊತ್ತು ನೋಡಿ “ಇದು ತಪ್ಪು ಸರ್” ಅಂದರು. ಹೇಗೆ ಬಂತು ಎಂದು ಕೇಳಿದ್ದಕ್ಕೆ ಸುಮ್ಮನಾದರು.

ತುಂಗಾತೀರ

ಮಾರ್ಗದರ್ಶಕರ ಒಂದು ತಪ್ಪೂ ಇಲ್ಲಿ ಇರಬಹುದು, ಕೇಳಿಕೊಳ್ಳಿ. 4.3ರಲ್ಲಿ ಎಷ್ಟು ಗ್ರಾಮದ ಕೋಷ್ಟಕ ಬೇಕು ಎಂದಿದ್ದಿರಿ? ಕಡತ ಸಿಗದ ಗ್ರಾಮಗಳನ್ನೂ ಸೇರಿಸಿ ಎಂದಿದ್ದರೆ, ಇಲ್ಲದ ಅಂಕಿ ಎಲ್ಲಿಂದಾದರೂ ಬರಲೇಬೇಕು.

ಇಕ್ಕೇರಿದಾರಿ

20 ಗ್ರಾಮ ಎಂದಿದ್ದೆ. ಕಡತದ ಫೋಟೋ ಇರುವುದು 11ಕ್ಕೆ. ಹೌದು, ಅದು ನನ್ನ ಮೇಲೆಯೂ ಬರುತ್ತದೆ.

4.3 ಕಿತ್ತುಹಾಕಿ ಹನ್ನೊಂದೇ ಗ್ರಾಮದ ಮೇಲೆ ಮತ್ತೆ ಬರೆಯಲು ಹೇಳಿದ್ದೇನೆ. ಕೋಷ್ಟಕದ ಪ್ರತಿ ಸಾಲಿಗೂ ಕಡತದ ಫೋಟೋ ಸಂಖ್ಯೆ, ವರಹ, ಹಣ ಬೇರೆ ಬೇರೆ ಕಾಲಂ, ದಶಾಂಶ ಕೊನೆಯ ಕಾಲಂನಲ್ಲಿ ಮಾತ್ರ.

ಸಂಶೋಧನಾರ್ಥಿ_ತೀರ್ಥಹಳ್ಳಿ

ಇದು ಸಲ್ಲಿಸಿದ ಪ್ರಬಂಧ ಅಲ್ಲ, ಕರಡು. ಇಲ್ಲಿಗೆ ಮುಗಿಸಿ ಸರ್. ವಿಭಾಗದ ಸಮಿತಿಗೆ ಹೋದರೆ ಆ ಹುಡುಗಿ ಮುಂದೆ ಯಾವ ಊರಲ್ಲಿ ತಲೆ ಎತ್ತಬೇಕು?

ಗಣಿತದಮೇಷ್ಟ್ರು

ಅಂಕಿ ಸೃಷ್ಟಿಸಿದ್ದು ಪದ ಕದ್ದದ್ದಕ್ಕಿಂತ ದೊಡ್ಡದು. ಸಾಮ್ಯತೆಯ ಶೇಕಡಾವಾರು ಅದಕ್ಕೆ ಅನ್ವಯವೇ ಆಗುವುದಿಲ್ಲ. ಬರವಣಿಗೆಯಲ್ಲಿ ದಾಖಲಾಗದಿದ್ದರೆ ನಾಳೆ ನಿಮ್ಮ ಪ್ರಮಾಣಪತ್ರಕ್ಕೆ ಏನು ಬೆಲೆ?

ತುಂಗಾತೀರ

ಸೃಷ್ಟಿಸಿದ್ದು ಎಂದು ಇನ್ನೂ ಗೊತ್ತಾಗಿಲ್ಲ ಮೇಷ್ಟ್ರೇ. ಯಾರೋ ಕೊಟ್ಟದ್ದನ್ನು ನೋಡದೆ ಹಾಕಿರಲೂಬಹುದು. ನಿನ್ನೆಯ ಮಾತುಕತೆಯ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ, ಅಷ್ಟಂತೂ ಬೇಕು. ಸಮಿತಿಯ ವಿಷಯದಲ್ಲಿ ನನಗೂ ಮನಸ್ಸು ಎರಡಾಗಿದೆ.

ಇಕ್ಕೇರಿದಾರಿ

ಪುಟ ಬರೆದೆವು, ಸಹಿಯೂ ಆಯಿತು. ಆ ಒಂಬತ್ತು ಗ್ರಾಮದ ಅಂಕಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬಂದಿಲ್ಲ.

ಇವತ್ತು 5ನೇ ಅಧ್ಯಾಯದ ಮೊದಲ ಹತ್ತು ಪುಟ ಕಳಿಸಿದ್ದಾರೆ, ಈ ಸಲ ಕೈಬರಹದಲ್ಲೇ. ಮೊದಲ ಸಾಲಿನಲ್ಲಿ “ಕಡತಗಳ ಆದಾರದಿಂದ” ಎಂದಿದೆ. ಅದನ್ನು ಇನ್ನೂ ತಿದ್ದಿಲ್ಲ.